ಈಸ್ಟ್ ಊದುತ್ತದೆ, ಹಿಟ್ಟು ಹಿಡಿಯುತ್ತದೆ

ಮೇ ತಿಂಗಳು, ರಾತ್ರಿ ಎರಡು ಗಂಟೆ. ಬೆಂಗಳೂರಿನ ಹಳೇ ಬಡಾವಣೆಯೊಂದರ ಅಯ್ಯಂಗಾರ್ ಬೇಕರಿಯ ಹಿಂಬಾಗಿಲು ತಳ್ಳಿ ಒಳಗೆ ಕಾಲಿಡುತ್ತೀರಿ. ಮೊದಲು ಮುಖಕ್ಕೆ ಹೊಡೆಯುವುದು ಝಳ. ಅದರ ಬೆನ್ನಿಗೇ ವಾಸನೆ: ಸೌದೆಯ ಹೊಗೆ, ಸಂಜೆ ಸುಟ್ಟ ಬೆಣ್ಣೆ ಬಿಸ್ಕತ್ತಿನ ಘಮ, ಜೊತೆಗೆ ಮೂಲೆಯಿಂದ ತೇಲಿ ಬರುವ, ಸ್ವಲ್ಪ ಹುಳಿ ಸ್ವಲ್ಪ ಹೆಂಡ ಅನ್ನಿಸುವ ಒಂದು ಕಟು ನಾತ. ಅದು ಈಸ್ಟಿನದು. ಸಂಜೆ ಸುರಿದ ಮಳೆಗೆ ಹಿತ್ತಲು ಇನ್ನೂ ತಣ್ಣಗಿದೆ. ಒಳಗೆ ಮಾತ್ರ ಬನಿಯನ್ನು ಆಗಲೇ ಬೆನ್ನಿಗೆ ಅಂಟಿದೆ.

ಇವತ್ತು ನಿಮ್ಮನ್ನು ಹಿಟ್ಟಿನ ಕೆಲಸಕ್ಕೆ ಹಾಕಿದ್ದಾರೆ. ಮಾಸ್ಟರ್ ಹಾಸನದ ಕಡೆಯವರು, ಈ ಕಸುಬಿನ ಎಷ್ಟೋ ಜನರ ಹಾಗೆ. ಮಾತು ಕಡಿಮೆ. ತಕ್ಕಡಿಯ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ, ನೀವು ತೂಗುತ್ತೀರಿ: 10 ಕಿಲೋ ಮೈದಾ, 6 ಲೀಟರ್ ನೀರು, 300 ಗ್ರಾಂ ಸಕ್ಕರೆ, 200 ಗ್ರಾಂ ಉಪ್ಪು, 100 ಗ್ರಾಂ ಒಣ ಈಸ್ಟ್. ಡಾಲ್ಡಾ ಆಮೇಲೆ.

"ಉಪ್ಪನ್ನೂ ಈಸ್ಟನ್ನೂ ಒಂದೇ ಜಾಗಕ್ಕೆ ಸುರೀಬೇಡ ಕಣಪ್ಪ," ಎನ್ನುತ್ತಾ ಅವರು ನೀರಿನ ಬಕೆಟ್ಟಿಗೆ ಐಸಿನ ತುಂಡುಗಳನ್ನು ಹಾಕುತ್ತಾರೆ. ಮೇ ತಿಂಗಳ ಬಿಸಿ ಒಂದು ಕಡೆ, ಯಂತ್ರದ ತಿಕ್ಕಾಟ ಇನ್ನೊಂದು ಕಡೆ. ನಾದಿ ಮುಗಿಯುವ ಹೊತ್ತಿಗೆ ಹಿಟ್ಟಿನ ಬಿಸಿ 27, 28 ಡಿಗ್ರಿಯಲ್ಲೇ ನಿಲ್ಲಬೇಕು. ಅದನ್ನು ದಾಟಿದರೆ ಈಸ್ಟ್ ನಾವು ಹೇಳಿದ ಹಾಗೆ ಕೇಳುವುದಿಲ್ಲ.

ಮಿಕ್ಸರು ಗುರ್ರೆಂದು ತಿರುಗತೊಡಗುತ್ತದೆ. ಎರಡು ನಿಮಿಷಕ್ಕೆ ನಿಲ್ಲಿಸಿ ಕೈ ಹಾಕಿ ನೋಡುತ್ತೀರಿ. ಅದಿನ್ನೂ ಹಿಟ್ಟಲ್ಲ, ಅಂಟು. ಬೆರಳ ಸಂದುಗಳಲ್ಲಿ ಮೆತ್ತಿಕೊಳ್ಳುತ್ತದೆ, ಎಳೆದರೆ ತುಂಡಾಗಿ ಕೈಗೆ ಬರುತ್ತದೆ. ಆದರೂ ಒಳಗೆ ಕೆಲಸ ಶುರುವಾಗಿದೆ. ಮೈದಾದಲ್ಲಿ ನೂರಕ್ಕೆ ಹತ್ತು, ಹನ್ನೊಂದು ಪಾಲು ಪ್ರೋಟೀನ್; ಅದರಲ್ಲಿ ಹೆಚ್ಚಿನದು ಎರಡು ಬಗೆಯದು, ಗ್ಲುಟೆನಿನ್ ಮತ್ತು ಗ್ಲಿಯಾಡಿನ್. ಒಣ ಹಿಟ್ಟಿನಲ್ಲಿ ಇವೆರಡೂ ಸುಮ್ಮನೆ ಬಿದ್ದಿರುತ್ತವೆ. ನೀರು ಕುಡಿದ ಮೇಲೆ ಗ್ಲುಟೆನಿನ್ನಿನ ಉದ್ದನೆಯ ಎಳೆಗಳು ಬಿಚ್ಚಿಕೊಳ್ಳುತ್ತವೆ, ಒಂದಕ್ಕೊಂದು ಗಂಧಕದ ಕೊಂಡಿ ಹಾಕಿಕೊಳ್ಳುತ್ತವೆ. ಎಳೆದರೆ ಹಿಂದಕ್ಕೆ ಜಗ್ಗುವ ಗುಣ ಬರುವುದು ಇದರಿಂದ. ಗ್ಲಿಯಾಡಿನ್ ಆ ಎಳೆಗಳ ನಡುವೆ ಸೇರಿಕೊಂಡು ಅವು ಜಾರಲು ಜಾಗ ಮಾಡಿಕೊಡುತ್ತದೆ. ಎಳೆದಷ್ಟೂ ಹರಿಯದೆ ಹಿಗ್ಗುವ ಗುಣ ಅದರದ್ದು. ಎರಡೂ ಸೇರಿ ಹೆಣೆದುಕೊಂಡಾಗ ಹುಟ್ಟುವ ಜಾಲವೇ ಗ್ಲುಟೆನ್.

ನೀವು ಮತ್ತೆ ಗುಂಡಿ ಒತ್ತುತ್ತೀರಿ. ಒಂದು ನಿಮಿಷ. ಇನ್ನೊಂದು. ಟಪ್ ಎಂಬ ಸದ್ದು, ಮಿಕ್ಸರಿನ ಗುರುಗುಟ್ಟುವಿಕೆ ಇಳಿಯುತ್ತಾ ಇಳಿಯುತ್ತಾ ನಿಂತೇಹೋಗುತ್ತದೆ. ಕತ್ತಲು. ಕರೆಂಟು ಹೋಯಿತು.

ಮೊಬೈಲಿನ ಬೆಳಕಿನಲ್ಲಿ ಮಾಸ್ಟರ್ ಹಿಟ್ಟಿಗೆ ಕೈ ಹಾಕಿ ನಿಂಬೆ ಗಾತ್ರದ ಉಂಡೆ ಕೀಳುತ್ತಾರೆ. ಎರಡೂ ಕೈಯ ಬೆರಳುಗಳಿಂದ ಅದನ್ನು ಮೆಲ್ಲಗೆ ಅಗಲಿಸುತ್ತಾರೆ. ಅರ್ಧ ಅಂಗುಲ ಹಿಗ್ಗುವುದರೊಳಗೆ ಅದು ಚಿಂದಿಯಾಗುತ್ತದೆ.

"ಆಗಿಲ್ಲ."

ಹೀಗೇ ಬಿಟ್ಟರೂ ಈಸ್ಟಿಗೇನೂ ಚಿಂತೆಯಿಲ್ಲ. ಸಕ್ಕರೆ ಸಿಕ್ಕಿದೆ, ನೀರು ಸಿಕ್ಕಿದೆ, ಅದು ಗಾಳಿ ಬಿಡುತ್ತಲೇ ಹೋಗುತ್ತದೆ. ಆದರೆ ಈ ಹರಕಲು ಜಾಲ ಆ ಗಾಳಿಯನ್ನು ಹಿಡಿದಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಅಂಗಡಿಯ ಬಾಗಿಲು ತೆಗೆಯಬೇಕು. ಕರೆಂಟು ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಮಾಸ್ಟರ್ ಯೋಚಿಸುವುದು ಒಂದು ಉಸಿರಿನಷ್ಟು ಹೊತ್ತು. "ಮೇಜಿಗೆ ಹಾಕು. ಕೈಯಲ್ಲೇ ನಾದಣ."

ಹದಿನಾರು ಕಿಲೋ ದಾಟಿದ ಹಿಟ್ಟು ದಪ್ಪೆಂದು ಮೇಜಿನ ಮೇಲೆ ಬೀಳುತ್ತದೆ. ಅರ್ಧ ಅವರಿಗೆ, ಅರ್ಧ ನಿಮಗೆ. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಿಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳುತ್ತೀರಿ. ಮೊದಲ ಐದು ನಿಮಿಷ ಹಿಟ್ಟು ಸೋಮಾರಿಯಾಗಿ ಬಿದ್ದುಕೊಳ್ಳುತ್ತದೆ. ಆಮೇಲೆ ಏನೋ ಬದಲಾಗುತ್ತದೆ, ಅದು ಮೊದಲು ತಿಳಿಯುವುದು ನಿಮ್ಮ ಭುಜಕ್ಕೆ. ತಳ್ಳಿದರೆ ಹಿಟ್ಟು ನಿಮ್ಮನ್ನು ತಿರುಗಿ ತಳ್ಳುತ್ತಿದೆ. ಎಳೆಗಳು ನಿಮ್ಮ ಅಂಗೈ ಸಾಗಿದ ದಿಕ್ಕಿಗೆ ಸಾಲುಗಟ್ಟಿ, ಪಕ್ಕದವುಗಳ ಜೊತೆ ಕೊಂಡಿ ಹಾಕಿಕೊಳ್ಳುತ್ತಿವೆ. ಎಲ್ಲಿ ತಪ್ಪು ಸೇರಿತ್ತೋ ಅಲ್ಲಿ ಬಿಟ್ಟುಕೊಂಡು ಮತ್ತೆ ಸೇರುತ್ತಿವೆ. ಉಪ್ಪು ಕೂಡ ಆ ಎಳೆಗಳನ್ನು ಹತ್ತಿರ ತಂದು ಜಾಲವನ್ನು ಬಿಗಿ ಮಾಡುತ್ತದೆ. ಉಪ್ಪು ಮರೆತ ಹಿಟ್ಟು ಬೇಗ ಉಬ್ಬಿದರೂ ಜೋಲಾಗಿ ಹರಡಿಕೊಳ್ಳುವುದು ಇದಕ್ಕೇ. ಈಗ ಮಾಸ್ಟರ್ ಡಾಲ್ಡಾ ತಂದು ಸವರುತ್ತಾರೆ. ಮೊದಲೇ ಹಾಕಿದ್ದರೆ ಜಿಡ್ಡು ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು, ನೀರು ಪ್ರೋಟೀನನ್ನು ಮುಟ್ಟುವುದೇ ತಡವಾಗುತ್ತಿತ್ತು.

ಜೋಳದ ರೊಟ್ಟಿ ತಟ್ಟುವವರಿಗೆ ಈ ಜಗ್ಗಾಟ ಗೊತ್ತಿಲ್ಲ, ಗೊತ್ತಿರಲು ಸಾಧ್ಯವೂ ಇಲ್ಲ. ಜೋಳದಲ್ಲಿ ಗ್ಲುಟೆನ್ ಕಟ್ಟುವ ಪ್ರೋಟೀನುಗಳೇ ಇಲ್ಲ. ಅದಕ್ಕೇ ಆ ಹಿಟ್ಟಿಗೆ ಕುದಿಯುವ ನೀರು ಬೇಕು: ಬಿಸಿಗೆ ಪಿಷ್ಟ ಬೆಂದು ಬರುವ ಜಿಗುಟಿನಿಂದಷ್ಟೇ ಅದು ಒಂದಾಗಿ ನಿಲ್ಲುತ್ತದೆ. ಹೋಳಿಗೆಯ ಕಣಕದ ಕಥೆ ಬೇರೆ. ಮೈದಾ, ಚಿರೋಟಿ ರವೆ ಕಲಸಿ, ಎಣ್ಣೆ ಹಾಕಿ ಗಂಟೆಗಟ್ಟಲೆ ನೆನೆಯಲು ಬಿಡುತ್ತೇವೆ, ಬಾಳೆ ಎಲೆಯ ಮೇಲೆ ತಟ್ಟುವಾಗ ಹೂರಣ ಕಾಣುವಷ್ಟು ತೆಳ್ಳಗಾದರೂ ಹರಿಯುವುದಿಲ್ಲ. ನಮ್ಮ ಅಡಿಗೆಮನೆಗಳು ಹೆಸರು ಹೇಳದೆಯೇ ಬಳಸಿಕೊಂಡು ಬಂದ ಗ್ಲುಟೆನ್ ಅದು.

ಇಪ್ಪತ್ತು ನಿಮಿಷ. ತೋಳು ಸೋತಿದೆ, ಬೆವರು ಹುಬ್ಬಿನಿಂದ ಕಣ್ಣಿಗಿಳಿಯುತ್ತಿದೆ. ಮಾಸ್ಟರ್ ಮತ್ತೆ ನಿಂಬೆ ಗಾತ್ರದ ಉಂಡೆ ಕಿತ್ತು ಮೊಬೈಲಿನ ಬೆಳಕಿಗೆ ಅಡ್ಡ ಹಿಡಿದು ಅಗಲಿಸುತ್ತಾರೆ. ಹಿಗ್ಗುತ್ತದೆ. ಇನ್ನೂ ಹಿಗ್ಗುತ್ತದೆ. ಪೊರೆಯಾಗುತ್ತದೆ, ಹಿಂದಿರುವ ಬೆರಳಿನ ನೆರಳು ಮಸುಕಾಗಿ ಕಾಣುತ್ತದೆ. ಹರಿಯುವುದಿಲ್ಲ.

"ಈಗ ಬಂತು ಹದ."

ಇಲ್ಲೊಂದು ಕ್ಷಣ ನಿಲ್ಲಬೇಕು. ನೀವು ಇಷ್ಟು ಹೊತ್ತು ಕಟ್ಟಿದ್ದು ಜಾಲವನ್ನು ಮಾತ್ರವಲ್ಲ. ಪ್ರತಿ ಸಲ ಮಡಿಚಿದಾಗಲೂ ಮಡಿಕೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಮುಂದಿನ ಸಲ ತಳ್ಳಿದಾಗ ಅದು ಒಡೆದು ಎರಡಾಗಿದೆ, ನಾಲ್ಕಾಗಿದೆ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಾಗಿ ಹಿಟ್ಟಿನ ತುಂಬ ಚದುರಿದೆ. ಬ್ರೆಡ್ಡಿನೊಳಗಿನ ತೂತುಗಳನ್ನು ಈಸ್ಟ್ ಕೊರೆಯುತ್ತದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಅದು ನಿಜವಲ್ಲ. ಬೇಕರ್ ಮತ್ತು ಮೈಜ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು 1941ರಲ್ಲಿ ಪ್ರಕಟಿಸಿದ ಕೆಲಸ ಇದನ್ನು ತೋರಿಸಿಕೊಟ್ಟಿತು. ಈಸ್ಟ್ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ, ನಾದುವಾಗ ಸೇರಿಕೊಂಡ ಗಾಳಿಯ ಗುಳ್ಳೆಗಳನ್ನು ಊದುತ್ತದೆ, ಅಷ್ಟೇ. ಗಾಳಿಯನ್ನು ಹೊರಗೆಳೆದು ನಿರ್ವಾತದಲ್ಲಿ ನಾದಿದ ಹಿಟ್ಟಿನಲ್ಲಿ ಈಸ್ಟ್ ಎಷ್ಟು ದುಡಿದರೂ ನುಣುಪಾದ ಒಳತಿರುಳು ಬರುವುದಿಲ್ಲ.

ಕಾರಣ ಸರಳ. ಗುಳ್ಳೆ ಸಣ್ಣದಾದಷ್ಟೂ ಅದನ್ನು ಹಿಗ್ಗಿಸಲು ಬೇಕಾದ ಒತ್ತಡ ಹೆಚ್ಚು. ಏನೂ ಇಲ್ಲದ ಜಾಗದಲ್ಲಿ ಹೊಸದಾಗಿ ಗುಳ್ಳೆ ತೆರೆಯುವಷ್ಟು ಒತ್ತಡ ಈಸ್ಟಿನ ಕೈಯಲ್ಲಿಲ್ಲ. ಹಾಗಾಗಿ ಅದು ಬಿಡುವ ಇಂಗಾಲದ ಡೈಆಕ್ಸೈಡ್ ಮೊದಲು ಹಿಟ್ಟಿನ ನೀರಿನಲ್ಲಿ ಕರಗುತ್ತದೆ, ಅಲ್ಲಿಂದ ಮೆಲ್ಲಗೆ ಹರಿದು ಹತ್ತಿರದ ಗುಳ್ಳೆಯೊಳಗೆ ಸೇರುತ್ತದೆ. ಗುಳ್ಳೆಯೊಳಗಿದ್ದ ಆಮ್ಲಜನಕವನ್ನು ಈಸ್ಟ್ ಬೇಗನೆ ಬಳಸಿ ಮುಗಿಸುತ್ತದೆ. ಗುಳ್ಳೆ ಮುಚ್ಚಿಹೋಗದಂತೆ ಬಾಗಿಲು ತೆರೆದಿಡುವುದು ಉಳಿದ ಸಾರಜನಕ. ನಿಮ್ಮ ತೋಳು ಈಗ ನೋಯುತ್ತಿದೆಯಲ್ಲ, ನಾಳೆ ಗಿರಾಕಿ ಕೊಯ್ಯುವ ಬ್ರೆಡ್ಡಿನ ಒಂದೊಂದು ತೂತೂ ಆ ನೋವಿನಲ್ಲೇ ಹುಟ್ಟಿದೆ.

ಹಿಟ್ಟನ್ನು ಎಣ್ಣೆ ಸವರಿದ ಡಬರಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚುತ್ತೀರಿ. ಒಂದು ಗಂಟೆ ಅದರ ಪಾಡಿಗೆ ಅದು.

ಆ ಹೊತ್ತಿನಲ್ಲಿ ಮಾಸ್ಟರ್ ನಿಮಗೊಂದು ಕೆಲಸ ಕೊಡುತ್ತಾರೆ. ನಿನ್ನೆ ಬಂದ ಹೊಸ ಮೈದಾ ಮೂಟೆಯಿಂದ 100 ಗ್ರಾಂ ತೆಗೆದು, ಬರೀ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಬಿಟ್ಟು ನಲ್ಲಿಯ ಸಣ್ಣ ಧಾರೆಯ ಕೆಳಗೆ ತೊಳೆಯಬೇಕು. ತೊಳೆಯುತ್ತೀರಿ. ಹಾಲಿನ ಬಣ್ಣದ ನೀರು ಇಳಿಯುತ್ತದೆ, ಅದು ಪಿಷ್ಟ. ಉಂಡೆ ಕರಗಿ ಪೂರಾ ಹೋಯಿತೇನೋ ಎಂದು ಗಾಬರಿಯಾಗುವ ಹೊತ್ತಿಗೆ ನೀರು ತಿಳಿಯಾಗುತ್ತದೆ. ಅಂಗೈಯಲ್ಲಿ ಬೂದು ಬಣ್ಣದ, ಅಗಿದ ಚೂಯಿಂಗ್ ಗಮ್ಮಿನಂಥ ಒಂದು ಮುದ್ದೆ ಉಳಿಯುತ್ತದೆ. ಎಳೆದರೆ ಉದ್ದವಾಗುತ್ತದೆ, ಬಿಟ್ಟರೆ ಹಿಂದಕ್ಕೆ ಸೇರುತ್ತದೆ. ಇಟಲಿಯ ಬೊಲೋನ್ಯಾದ ವೈದ್ಯ ಬೆಕ್ಕಾರಿ ಹದಿನೆಂಟನೇ ಶತಮಾನದಲ್ಲಿ ಹಿಟ್ಟನ್ನು ಹೀಗೆಯೇ ತೊಳೆದು ಗ್ಲುಟೆನ್ನನ್ನು ಬೇರ್ಪಡಿಸಿ ತೋರಿಸಿದ. ಮಾಸ್ಟರ್ ಅದನ್ನು ಹಿಂಡಿ ತಕ್ಕಡಿಗೆ ಹಾಕುತ್ತಾರೆ: 29 ಗ್ರಾಂ. ಅದರಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಆದರೂ ತಲೆ ಆಡಿಸುತ್ತಾರೆ. ಮೂಟೆ ಪರವಾಗಿಲ್ಲ. ಇದೇ ತೂಕ 20ರ ಆಸುಪಾಸಿಗೆ ಇಳಿದಿದ್ದರೆ ಅಥವಾ ಮುದ್ದೆ ಎಳೆದಲ್ಲೇ ಪುಡಿಯಾಗಿದ್ದರೆ ಆ ಮೈದಾ ಬಿಸ್ಕತ್ತಿಗೆ ಹೋಗುತ್ತಿತ್ತು, ಬ್ರೆಡ್ಡಿಗಲ್ಲ.

ಬಟ್ಟೆ ಎತ್ತುತ್ತೀರಿ. ಹಿಟ್ಟು ಎರಡರಷ್ಟಾಗಿದೆ. ಮುಖ ಬಗ್ಗಿಸಿದರೆ ಮೂಗಿಗೆ ಚುರ್ರೆನ್ನುವ ಗಾಳಿ. ಸಕ್ಕರೆಯ ಅರ್ಧ ತೂಕದಷ್ಟು ಹೀಗೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಇನ್ನರ್ಧ ಮದ್ಯಸಾರ. ಒಂದು ಗ್ರಾಂ ಸಕ್ಕರೆಯಿಂದ ಸುಮಾರು ಕಾಲು ಲೀಟರ್ ಗಾಳಿ ಹುಟ್ಟುತ್ತದೆ. ನಿಮ್ಮ ಹಿಟ್ಟು ಮೊದಲಿದ್ದದ್ದು 14 ಲೀಟರಿನಷ್ಟು. ಅದು ಮೂರರಷ್ಟಾಗಲು 28 ಲೀಟರ್ ಗಾಳಿ ಬೇಕು, ಅಂದರೆ 110 ಗ್ರಾಂ ಸಕ್ಕರೆ ಸಾಕು. ಹಾಕಿದ್ದು 300. ಗಾಳಿಗೆ ಕೊರತೆ ಬರುವ ಹಾಗೇ ಇಲ್ಲ. ಕೊರತೆ ಬಂದರೆ ಹಿಡಿಯುವವರಿಗೆ.

"ಗುದ್ದು," ಎನ್ನುತ್ತಾರೆ ಮಾಸ್ಟರ್. ಮುಷ್ಟಿ ಇಳಿಸಲು ಮನಸ್ಸೇ ಬರುವುದಿಲ್ಲ. ಒಂದು ಗಂಟೆ ಕಾದು ಎಬ್ಬಿಸಿದ್ದನ್ನು ಗುದ್ದಿ ಕೂರಿಸುವುದೇ? ಗುದ್ದುತ್ತೀರಿ. ಉಸ್ಸೆಂದು ಗಾಳಿ ಹೊರಬೀಳುತ್ತದೆ. ಈ ಗುದ್ದಿಗೆ ದೊಡ್ಡ ಗುಳ್ಳೆಗಳು ಒಡೆದು ಹಲವು ಸಣ್ಣವಾಗುತ್ತವೆ. ಹೊಸ ಗುಳ್ಳೆ ಹುಟ್ಟಿಸಲು ಈಸ್ಟಿಗೆ ಬಾರದಿದ್ದ ಮೇಲೆ ಗುಳ್ಳೆಗಳ ಲೆಕ್ಕ ಹೆಚ್ಚಿಸಲು ಇರುವ ದಾರಿ ಇದೊಂದೇ. ಒಟ್ಟಿನಲ್ಲಿ ಹೋದ ಗಾಳಿ ಮತ್ತೆ ಬರುತ್ತದೆ, ತಿರುಳಿನ ನುಣುಪು ಮಾತ್ರ ಇಲ್ಲೇ ತೀರ್ಮಾನವಾಗುತ್ತದೆ. ಮುದ್ದೆಗಳನ್ನು ತೂಗಿ, ಉಂಡೆ ಕಟ್ಟಿ, ಹತ್ತು ನಿಮಿಷ ಬಿಗಿ ಇಳಿಯಲು ಬಿಟ್ಟು, ಸುರುಳಿ ಸುತ್ತಿ ಟಿನ್ನುಗಳಿಗೆ ಇಳಿಸುತ್ತೀರಿ. ಮೂವತ್ತಕ್ಕೂ ಹೆಚ್ಚು ಟಿನ್ನು, ಒಂದೊಂದರಲ್ಲೂ ಮೂರನೇ ಒಂದು ಭಾಗದಷ್ಟು ಹಿಟ್ಟು.

ಕರೆಂಟು ಬಂದಿದೆ. ಆದರೆ ಈಗ ತೊಂದರೆ ಇನ್ನೊಂದು ಕಡೆಯಿಂದ.

ಸೌದೆ ಒದ್ದೆ. ಸಂಜೆಯ ಮಳೆ ರಾಶಿಯ ಒಳಗೆಲ್ಲ ಇಳಿದಿದೆ. ಒಲೆ ಹೊಗೆಯುತ್ತಿದೆಯೇ ಹೊರತು ಕಾಯುತ್ತಿಲ್ಲ. ಮಾಸ್ಟರ್ ಒಂದು ಚಿಟಿಕೆ ಮೈದಾ ಒಲೆಯೊಳಗಿನ ಕಲ್ಲಿನ ಮೇಲೆ ಎಸೆದು ನೋಡುತ್ತಾರೆ. ಬೆಳ್ಳಗೇ ಇದೆ. ಅದು ಮೆಲ್ಲಗೆ ಕಂದು ತಿರುಗಬೇಕಿತ್ತು.

ಇತ್ತ ಟಿನ್ನುಗಳಲ್ಲಿ ಹಿಟ್ಟು ಏರುತ್ತಲೇ ಇದೆ. ಅರ್ಧ. ಮುಕ್ಕಾಲು. ನೀವು ಬೆರಳನ್ನು ಒದ್ದೆ ಮಾಡಿ ಒಂದರ ಮೇಲೆ ಒತ್ತುತ್ತೀರಿ. ಗುಳಿ ಥಟ್ಟನೆ ಮೇಲೆದ್ದರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ, ಅರ್ಧದಷ್ಟೇ ತುಂಬಿಕೊಂಡರೆ ಹದ. ಹಾಗೇ ಉಳಿದರೆ ಮೀರಿತು. ಇದು ನಿಧಾನವಾಗಿ ಅರ್ಧ ತುಂಬಿಕೊಳ್ಳುತ್ತದೆ. ಹದ ಬಂದಿದೆ, ಒಲೆ ಬಂದಿಲ್ಲ.

ಹಿಟ್ಟಿನೊಳಗೆ ಏನಾಗುತ್ತಿದೆ ಎಂದು ನಿಮಗೀಗ ಗೊತ್ತಿರುವುದರಿಂದಲೇ ಎದೆ ಹೊಡೆದುಕೊಳ್ಳುತ್ತದೆ. ಗುಳ್ಳೆಗಳು ಹಿಗ್ಗಿದಷ್ಟೂ ನಡುವಿನ ಗ್ಲುಟೆನ್ ಪೊರೆ ತೆಳುವಾಗುತ್ತದೆ. ಹಿಗ್ಗಿಗೂ ಒಂದು ಮಿತಿಯಿದೆ. ಅದನ್ನು ಮುಟ್ಟಿದಲ್ಲಿ ಪೊರೆ ಹರಿದು ಎರಡು ಗುಳ್ಳೆ ಒಂದಾಗುತ್ತದೆ, ಪಕ್ಕದ್ದೂ ಸೇರುತ್ತದೆ, ಗಾಳಿ ದಾರಿ ಹುಡುಕಿಕೊಂಡು ಹೊರಗೆ ಹೋಗುತ್ತದೆ. ಆಮೇಲೆ ಏನು ಮಾಡಿದರೂ ಆ ಟಿನ್ನಿನಲ್ಲಿ ಅದು ಏಳುವುದಿಲ್ಲ. ಕಾಯದ ಒಲೆಗೆ ಈಗಲೇ ತಳ್ಳೋಣವೇ? ಬಿಸಿ ಸಾಲದೆ ಈಸ್ಟ್ ಇನ್ನಷ್ಟು ಹೊತ್ತು ಊದುತ್ತಲೇ ಇರುತ್ತದೆ, ಗೋಡೆ ಗಟ್ಟಿಯಾಗುವ ಮೊದಲೇ ಕುಸಿಯುತ್ತದೆ. ಎಲ್ಲವನ್ನೂ ಟಿನ್ನಿನಿಂದ ತೆಗೆದು ಮತ್ತೆ ಸುತ್ತೋಣವೇ? ಇನ್ನೊಂದು ಗಂಟೆ ಹೋಗುತ್ತದೆ.

"ಮಾಸ್ಟರ್ರೇ, ಏನ್ ಮಾಡಣ?"

ಅವರು ಹಿತ್ತಲ ಬಾಗಿಲು ತೆರೆಯುತ್ತಾರೆ. ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. "ಎಲ್ಲಾ ಆಚೆ ಇಡು. ಮೆತ್ತಗೆ. ಕುಲುಕಬೇಡ."

ತಣ್ಣಗಾದಷ್ಟೂ ಈಸ್ಟ್ ನಿಧಾನ. ಹಿಟ್ಟು ನಿಲ್ಲುವುದಿಲ್ಲ, ಆದರೆ ಹೊತ್ತು ಸಿಗುತ್ತದೆ. ನೀವು ಟಿನ್ನುಗಳನ್ನು ಎರಡೆರಡಾಗಿ ಎತ್ತಿ, ಉಸಿರು ಬಿಗಿ ಹಿಡಿದು, ಹೊಸ್ತಿಲು ದಾಟಿ, ಒದ್ದೆ ಕಲ್ಲಿನ ಮೇಲೆ ಇಳಿಸುತ್ತೀರಿ. ಮತ್ತೆ ಒಳಗೆ. ಮತ್ತೆ ಆಚೆ. ಮತ್ತೆ ಒಳಗೆ. ಒಂದು ಸಲ ಮೊಣಕೈ ಬಾಗಿಲ ಚೌಕಟ್ಟಿಗೆ ತಗಲುತ್ತದೆ. ಟಿನ್ನು ಅಲುಗುತ್ತದೆ. ಗುಮ್ಮಟದಂತಿದ್ದ ಮೇಲ್ಮೈ ನಿಮ್ಮ ಕಣ್ಣೆದುರೇ ನಡುವಿನಲ್ಲಿ ಸುಕ್ಕುಗಟ್ಟಿ, ಮೆಲ್ಲಗೆ ಕೆಳಗಿಳಿಯುತ್ತದೆ.

ಬೈಗುಳ ಬರಬಹುದೆಂದು ನಿಂತಲ್ಲೇ ನಿಲ್ಲುತ್ತೀರಿ. "ಅದನ್ನೂ ಸುಡು. ಕೊಯ್ದು ನೋಡಣ," ಎನ್ನುತ್ತಾರೆ ಮಾಸ್ಟರ್, ಒಣ ತೆಂಗಿನ ಗರಟಗಳನ್ನು ಒಲೆಗೆ ಸುರಿಯುತ್ತಾ.

ಗರಟ ಹತ್ತಿಕೊಳ್ಳುತ್ತದೆ. ಒಲೆ ಗರ್ಜಿಸತೊಡಗುತ್ತದೆ. ಇಪ್ಪತ್ತೈದು ನಿಮಿಷಕ್ಕೆ ಕೆಂಡ ಬದಿಗೆ ಸರಿಸಿ, ಒದ್ದೆ ಗೋಣಿಯಿಂದ ಕಲ್ಲು ಒರೆಸಿ, ಮತ್ತೆ ಚಿಟಿಕೆ ಮೈದಾ. ಕಂದು. ಉದ್ದ ಕೋಲಿನ ಹಲಗೆಯ ಮೇಲೆ ಟಿನ್ನುಗಳು ಒಂದರ ಹಿಂದೊಂದು ಒಳಗೆ ಸರಿಯುತ್ತವೆ.

ಬಾಗಿಲ ಸಂದಿಯಿಂದ ನೋಡಿ. ಮೊದಲ ಎಂಟು, ಹತ್ತು ನಿಮಿಷದಲ್ಲಿ ಬ್ರೆಡ್ ಕೊನೆಯ ಸಲ ಏಳುತ್ತದೆ, ಕಣ್ಣಿಗೆ ಕಾಣುವಷ್ಟು ಬೇಗ. ಬಿಸಿಗೆ ಗುಳ್ಳೆಯೊಳಗಿನ ಗಾಳಿ ಹಿಗ್ಗುತ್ತದೆ. ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬಂದು ಗುಳ್ಳೆ ಸೇರುತ್ತದೆ, ಮದ್ಯಸಾರ ಆವಿಯಾಗುತ್ತದೆ, ಈಸ್ಟ್ ಸಾಯುವ ಮುನ್ನ ಒಮ್ಮೆ ಬಿರುಸಾಗಿ ದುಡಿಯುತ್ತದೆ. ಹಿಟ್ಟಿನ ಒಳಗು 60 ಡಿಗ್ರಿ ಮುಟ್ಟುವ ಹೊತ್ತಿಗೆ ಈಸ್ಟ್ ಸತ್ತಿರುತ್ತದೆ. ಆ ಸುಮಾರಿಗೇ ಪಿಷ್ಟದ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ; ಆ ನೀರಿನ ಒಂದು ಪಾಲು ಗ್ಲುಟೆನ್ ಬಿಟ್ಟುಕೊಟ್ಟದ್ದು. 70 ದಾಟಿದ ಮೇಲೆ ಗ್ಲುಟೆನ್ ಬೆಂದು, ಇನ್ನು ಹಿಗ್ಗದಂತೆ ಗಟ್ಟಿಯಾಗುತ್ತದೆ. ಅಲ್ಲಿಗೆ ಏರಾಟ ಮುಗಿಯಿತು. ಹಿಗ್ಗಲಾರದ ಗೋಡೆಗಳು ಒಳಗಿನ ಒತ್ತಡಕ್ಕೆ ಅಲ್ಲಲ್ಲಿ ಬಿರಿದು ಗುಳ್ಳೆಗಳೆಲ್ಲ ಒಂದರೊಳಗೊಂದು ತೆರೆದುಕೊಳ್ಳುತ್ತವೆ. ಮುಚ್ಚಿದ ಗುಳ್ಳೆಗಳ ನೊರೆಯಾಗಿದ್ದದ್ದು ಈಗ ಗಾಳಿಯಾಡುವ ತಿರುಳು. ಇದು ಆಗದಿದ್ದರೆ ತಣ್ಣಗಾಗುವಾಗ ಗುಳ್ಳೆಯೊಳಗಿನ ಆವಿ ಕುಗ್ಗಿ ಬ್ರೆಡ್ ಸೊಟ್ಟಗಾಗುತ್ತಿತ್ತು. ಅರ್ಧ ಬೆಂದ ಬ್ರೆಡ್ಡನ್ನು ಅವಸರದಿಂದ ತೆಗೆದರೆ ಬದಿಗಳು ಒಳಕ್ಕೆ ಸೇದಿಕೊಳ್ಳುವುದು ಹೀಗೆಯೇ. ಮಾಸ್ಟರ್ ಅವಸರ ಮಾಡುವುದಿಲ್ಲ. ನಡುಮಧ್ಯದ ಬಿಸಿ 95ರ ಹತ್ತಿರ ಹೋಗಬೇಕು. ಅವರು ಟಿನ್ನಿನಿಂದ ಬ್ರೆಡ್ ಕೊಡವಿ, ತಳಕ್ಕೆ ಬೆರಳಿನಿಂದ ತಟ್ಟಿ, ಪೊಳ್ಳು ಸದ್ದು ಕೇಳಿಸಿದ ಮೇಲೆಯೇ ಜಾಲರಿಗೆ ಇಡುತ್ತಾರೆ.

ಆರಿದ ಮೇಲೆ ಎರಡು ಬ್ರೆಡ್ ಕೊಯ್ಯುತ್ತಾರೆ. ಒಂದು ಸಾಲಿನದು, ಇನ್ನೊಂದು ನೀವು ಕುಲುಕಿದ್ದು. ಮೊದಲನೆಯದರಲ್ಲಿ ಸಣ್ಣ ಸಣ್ಣ ತೂತುಗಳು ತುದಿಯಿಂದ ತುದಿಗೆ ಒಂದೇ ಸಮ. ಒತ್ತಿದರೆ ಮೇಲೇಳುತ್ತದೆ. ಎರಡನೆಯದರ ತಲೆ ಚಪ್ಪಟೆ. ಮೇಲಿನ ಸಿಪ್ಪೆಯ ಕೆಳಗೇ ಬೆರಳು ತೂರುವಷ್ಟು ದೊಡ್ಡ ಪೊಳ್ಳು, ತಳದಲ್ಲಿ ಒತ್ತೊತ್ತಾದ ತೇವದ ಪದರ. ಒಂದೇ ಮೈದಾ, ಒಂದೇ ಈಸ್ಟ್, ಒಂದೇ ಒಲೆ. ಒಂದರಲ್ಲಿ ಜಾಲ ಕೊನೆಯವರೆಗೂ ಹಿಡಿಯಿತು, ಇನ್ನೊಂದರಲ್ಲಿ ನಡುವೆ ಕೈಬಿಟ್ಟಿತು.

ಮನೆಯಲ್ಲಿ ಬ್ರೆಡ್ ಮಾಡುವವರಿಗೆ ಇಷ್ಟು ಹೇಳಬೇಕು. ಬ್ರೆಡ್ ಏಳದೆ ಗಟ್ಟಿಯಾಗಿ ಕೂತರೆ ಮುಂದಿನ ಸಲ ಈಸ್ಟ್ ಹೆಚ್ಚು ಹಾಕಬೇಡಿ. ಮೊದಲು ಆ ಈಸ್ಟಿಗೆ ಜೀವ ಇದೆಯೇ ಎಂದು ಉಗುರುಬೆಚ್ಚಗಿನ ಸಕ್ಕರೆ ನೀರಿನಲ್ಲಿ ಹಾಕಿ ನೋಡಿ. ಹತ್ತು ನಿಮಿಷಕ್ಕೆ ನೊರೆ ಬಂದರೆ ಅದರದ್ದೇನೂ ತಪ್ಪಿಲ್ಲ. ಆಮೇಲೆ ನಾದಿದ ಹಿಟ್ಟಿನಿಂದ ನಿಂಬೆ ಗಾತ್ರದ ಉಂಡೆ ಕಿತ್ತು ಬೆಳಕಿಗೆ ಹಿಡಿದು ಅಗಲಿಸಿ. ಹರಿದರೆ ಇನ್ನೂ ಐದು ನಿಮಿಷ ನಾದಿ, ಮತ್ತೆ ನೋಡಿ. ಬೆರಳಿನ ನೆರಳು ಕಾಣುವವರೆಗೂ ನಿಲ್ಲಿಸಬೇಡಿ.